ಚಹಾದ ದಂಡ ಯಾವ ಹಂತ?

ಪ್ರಶ್ನೆ: ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ಮೊದಲ ವಾರ ನಿರ್ದೇಶಕರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆವು. ಮೂರನೇ ವಾರ ಪಾತ್ರ ಹಂಚಿಕೆಗೆ ಜಗಳ. ಈಗ ತಡವಾಗಿ ಬಂದವರು ಎಲ್ಲರಿಗೂ ಚಹಾ ಕೊಡಿಸಬೇಕೆಂದು ನಾವೇ ಗೊತ್ತುಮಾಡಿಕೊಂಡಿದ್ದೇವೆ. ತಂಡ ಯಾವ ಹಂತದಲ್ಲಿದೆ?

ಉತ್ತರ: ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಗುರುತಿಸಿದ ನಾಲ್ಕು ಹಂತಗಳಲ್ಲಿ ಮೂರನೆಯದು, ನಾರ್ಮಿಂಗ್. ತಲೆಯಾಡಿಸಿದ್ದು ಫಾರ್ಮಿಂಗ್, ಅದು ಒಪ್ಪಿಗೆಗಿಂತ ಹೆಚ್ಚಾಗಿ ಹೊಸಬರ ಸಂಕೋಚ. ಜಗಳ ಸ್ಟಾರ್ಮಿಂಗ್. ಚಹಾದ ದಂಡವೇ ನಾರ್ಮಿಂಗ್‌ನ ಗುರುತು: ಆ ನಿಯಮ ನಿರ್ದೇಶಕರದ್ದಲ್ಲ, ನಿಮ್ಮದೇ. ಆದರೆ ಹೊತ್ತಿಗೆ ಸರಿಯಾಗಿ ಬಂದಮಾತ್ರಕ್ಕೆ ನಾಟಕ ಕೂಡಿಬರುವುದಿಲ್ಲವಲ್ಲ! ಒಬ್ಬರು ಮಾತು ಮರೆತಾಗ ಇನ್ನೊಬ್ಬರು ಯಾರ ಸನ್ನೆಗೂ ಕಾಯದೆ ದೃಶ್ಯವನ್ನು ಮುಂದಕ್ಕೆ ಒಯ್ದರೆ, ಅದು ಪರ್ಫಾರ್ಮಿಂಗ್. ನಡುವೆ ಹೊಸ ನಟರು ಸೇರಿದರೆ ಜಗಳ ಮರಳಿ ಬರಬಹುದು, ಗಾಬರಿಯಾಗಬೇಡಿ.