ಸಿಗರೇಟ್ ಕಂಪನಿಯ ಹಾಂಗ್‌ಕಾಂಗ್ ದಾರಿ

ಎರಡು ದೇಶಗಳ ನಡುವಿನ ಹೂಡಿಕೆ ರಕ್ಷಣಾ ಒಪ್ಪಂದಗಳು ಸಾಮಾನ್ಯವಾಗಿ ವಿದೇಶಿ ಹೂಡಿಕೆದಾರರಿಗೆ ಒಂದು ದೊಡ್ಡ ಹಕ್ಕು ಕೊಡುತ್ತವೆ. ಸರ್ಕಾರದ ಕ್ರಮದಿಂದ ಅನ್ಯಾಯವಾಯಿತೆಂದು ತೋರಿದರೆ ಅವರು ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿಯ ಮುಂದೆ ನೇರವಾಗಿ ಪರಿಹಾರ ಕೇಳಬಹುದು. ಈ ಹಕ್ಕು ಆ ಎರಡು ದೇಶಗಳವರಿಗೆ ಮಾತ್ರ. ಆದರೆ ಅನೇಕ ಹಳೆಯ ಒಪ್ಪಂದಗಳಲ್ಲಿ ಕಂಪನಿ ಎಲ್ಲಿ ನೋಂದಣಿಯಾಗಿದೆಯೋ ಅದೇ ಅದರ ದೇಶ. ಹೀಗಾಗಿ ಒಪ್ಪಂದವಿಲ್ಲದ ದೇಶದ ಬಂಡವಾಳಗಾರ, ಒಪ್ಪಂದವಿರುವ ದೇಶದ ಕಂಪನಿಯೊಂದರ ಹೆಸರಿಗೆ ಷೇರುಗಳನ್ನು ವರ್ಗಾಯಿಸಿ ರಕ್ಷಣೆ ಪಡೆಯಬಲ್ಲ. ಇದಕ್ಕೆ ಟ್ರೀಟಿ ಶಾಪಿಂಗ್ ಎನ್ನುತ್ತಾರೆ. ಹೆಸರು ಕೇಳಲು ಹಗರಣದಂತಿದ್ದರೂ ಇದು ತನ್ನಷ್ಟಕ್ಕೆ ತಪ್ಪಲ್ಲ. ತಪ್ಪಾಗುವುದು ಯಾವಾಗ ಎಂಬುದನ್ನು ಫಿಲಿಪ್ ಮಾರಿಸ್ ಏಷ್ಯಾ ಕಂಪನಿ ಆಸ್ಟ್ರೇಲಿಯಾದ ಮೇಲೆ ಹೂಡಿದ ದಾವೆ ಚೆನ್ನಾಗಿ ತೋರಿಸುತ್ತದೆ.

2010ರ ಏಪ್ರಿಲ್ 29ರಂದು ಆಸ್ಟ್ರೇಲಿಯಾ ಸರ್ಕಾರ ಸಿಗರೇಟ್ ಪ್ಯಾಕುಗಳಿಗೆ ಹೊಸ ನಿಯಮ ತರುವುದಾಗಿ ಘೋಷಿಸಿತು. ಲೋಗೋ, ಬಣ್ಣ, ವಿನ್ಯಾಸ ಯಾವುದೂ ಇರಕೂಡದು. ಎಲ್ಲ ಬ್ರ್ಯಾಂಡ್‌ಗಳ ಪ್ಯಾಕುಗಳೂ ಒಂದೇ ರೀತಿ ಇರಬೇಕು, ಹೆಸರು ಮಾತ್ರ ಸಾದಾ ಅಕ್ಷರದಲ್ಲಿ. ಮಾರ್ಲ್‌ಬರೊ ತಯಾರಕರಿಗೆ ಇದು ನೇರ ಹೊಡೆತ. ಆದರೆ ಆಗ ಅವರ ಆಸ್ಟ್ರೇಲಿಯಾ ಘಟಕದ ಒಡೆತನ ಸಮೂಹದ ಸ್ವಿಸ್ ಕಂಪನಿಯ ಕೈಯಲ್ಲಿತ್ತು, ಸ್ವಿಟ್ಜರ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ಇಂಥ ಒಪ್ಪಂದವಿರಲಿಲ್ಲ. ಸಮೂಹದ ಮೂಲನೆಲೆಯಾದ ಅಮೆರಿಕವು ಆಸ್ಟ್ರೇಲಿಯಾ ಜೊತೆ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಹೂಡಿಕೆದಾರ ನೇರವಾಗಿ ಸರ್ಕಾರದ ಮೇಲೆ ದಾವೆ ಹೂಡುವ ವ್ಯವಸ್ಥೆ ಇಲ್ಲ. ಹಾಂಗ್‌ಕಾಂಗ್ ಮಾತ್ರ 1993ರಲ್ಲೇ ಆಸ್ಟ್ರೇಲಿಯಾದೊಂದಿಗೆ ಒಪ್ಪಂದ ಮಾಡಿಕೊಂಡಿತ್ತು.

2011ರ ಫೆಬ್ರುವರಿ 23ರಂದು ಆಸ್ಟ್ರೇಲಿಯಾ ಘಟಕದ ಷೇರುಗಳು ಸಮೂಹದ್ದೇ ಆದ ಹಾಂಗ್‌ಕಾಂಗ್ ಕಂಪನಿಯ ಹೆಸರಿಗೆ ಬಂದವು. ನಾಲ್ಕು ತಿಂಗಳಲ್ಲಿ ಅದು ಸರ್ಕಾರಕ್ಕೆ ಹಕ್ಕೊತ್ತಾಯದ ನೋಟಿಸ್ ಕಳಿಸಿತು. ನವೆಂಬರ್ 21ರಂದು ಸಂಸತ್ತು ಕಾನೂನು ಅಂಗೀಕರಿಸಿದ ದಿನವೇ ಮಧ್ಯಸ್ಥಿಕೆಗೆ ಹೋಯಿತು. ದಿನ ಕಾದು ಕೂತಿದ್ದರೆಂದು ಊಹಿಸಲು ವಕೀಲರೇ ಆಗಬೇಕಿಲ್ಲ.

ಕಂಪನಿಯ ಪರ ವಾದ ಪೂರಾ ಪೊಳ್ಳೇನಲ್ಲ. ಷೇರು ವರ್ಗಾವಣೆಯ ವೇಳೆಗೆ ಕಾನೂನಿನ ಕರಡೂ ಪ್ರಕಟವಾಗಿರಲಿಲ್ಲ. 2010ರ ಚುನಾವಣೆಯ ಬಳಿಕ ಬಂದದ್ದು ಬಹುಮತವಿಲ್ಲದ ಸರ್ಕಾರ, ಹಾಗಾಗಿ ಮಸೂದೆ ಅಂಗೀಕಾರವಾಗುವ ಖಾತ್ರಿಯಿರಲಿಲ್ಲ. ವರ್ಗಾವಣೆಗೆ ತೆರಿಗೆ, ಆಡಳಿತದಂಥ ಬೇರೆ ಕಾರಣಗಳಿದ್ದವು ಎಂದೂ ಅದು ಹೇಳಿತು. ಮೂವರು ಸದಸ್ಯರ ಮಂಡಳಿ 2015ರ ಡಿಸೆಂಬರ್‌ನಲ್ಲಿ ಇದನ್ನು ತಿರಸ್ಕರಿಸಿತು. ವಿವಾದ ಖಚಿತವಾಗಿರಬೇಕಿಲ್ಲ, ಅದು ಎದುರಾಗುವ ತಕ್ಕಮಟ್ಟಿನ ಸಂಭವವಿದ್ದರೆ ಸಾಕು. ಸರ್ಕಾರ ಏಪ್ರಿಲ್ 2010ರಲ್ಲೇ ದೃಢವಾಗಿ ಘೋಷಿಸಿ ಆ ನಿಲುವಿನಿಂದ ಹಿಂದೆ ಸರಿದಿರಲಿಲ್ಲ. ತೆರಿಗೆ ಉಳಿಸುವ ಉದ್ದೇಶವೇ ನಿರ್ಣಾಯಕವಾಗಿತ್ತೆಂದು ತೋರಿಸುವ ಸಾಕ್ಷ್ಯ ಮಂಡಳಿಗೆ ಸಿಗಲಿಲ್ಲ. ಈ ವಿವಾದಕ್ಕಾಗಿಯೇ ಒಪ್ಪಂದದ ರಕ್ಷಣೆ ಪಡೆಯುವುದು ಮುಖ್ಯ ಉದ್ದೇಶ, ಬಹುಶಃ ಏಕೈಕ ಉದ್ದೇಶ ಎಂದು ತೀರ್ಮಾನಿಸಿ, ಇದು ಹಕ್ಕಿನ ದುರುಪಯೋಗ ಎಂದು ದಾವೆಯನ್ನು ಸ್ವೀಕರಿಸಲಿಲ್ಲ. ಸಾದಾ ಪ್ಯಾಕ್ ನಿಯಮ ಒಪ್ಪಂದಕ್ಕೆ ವಿರುದ್ಧವೋ ಅಲ್ಲವೋ ಎಂಬ ಪ್ರಶ್ನೆಗೆ ಮಂಡಳಿ ಕೈಯನ್ನೇ ಹಾಕಲಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಬೆರೆಸಬಾರದು. ವಿವಾದ ಆಗಲೇ ಹುಟ್ಟಿದ ಮೇಲೆ ಷೇರು ಬದಲಾಯಿಸಿದರೆ, ಹೂಡಿಕೆ ರಕ್ಷಣೆಯಡಿ ಬಂದದ್ದೇ ತಡವಾಗಿ. ಮಂಡಳಿಗೆ ವಿಚಾರಣೆಯ ಅಧಿಕಾರವೇ ಇರುವುದಿಲ್ಲ. ವಿವಾದ ಇನ್ನೂ ಹುಟ್ಟಿಲ್ಲ, ಆದರೆ ಬರುವುದು ಕಣ್ಣಿಗೆ ಕಾಣುತ್ತಿದೆ ಎಂಬ ನಡುವಿನ ಅವಧಿಗೆ ದುರುಪಯೋಗದ ಪ್ರಶ್ನೆ ಅನ್ವಯಿಸುತ್ತದೆ.

ಅದಕ್ಕೂ ಮೊದಲೇ ಎಚ್ಚೆತ್ತವರಿಗೆ ಅಡ್ಡಿಯಿಲ್ಲ. ವೆನೆಜುವೆಲಾದಲ್ಲಿ ತೈಲ ತೆಗೆಯುತ್ತಿದ್ದ ಮೊಬಿಲ್ 2005–06ರಲ್ಲಿ ನೆದರ್‌ಲ್ಯಾಂಡ್ಸ್‌ನ ಕಂಪನಿಯೊಂದನ್ನು ಒಡೆತನದ ನಡುವೆ ತಂದಿತು. ಆಗಲೇ ರಾಯಧನ ಮತ್ತು ತೆರಿಗೆ ಹೆಚ್ಚಳದ ಜಗಳ ನಡೆದಿತ್ತು. ಸರ್ಕಾರ ಯೋಜನೆಗಳನ್ನು ವಶಪಡಿಸಿಕೊಂಡದ್ದು 2007ರಲ್ಲಿ. 2010ರ ತೀರ್ಪು ದಾವೆಯನ್ನು ಎರಡಾಗಿ ಸೀಳಿತು: ಹಳೆಯ ಜಗಳಕ್ಕೆ ಡಚ್ ಒಪ್ಪಂದ ಬಳಸುವಂತಿಲ್ಲ, ನಂತರದ ವಶಪಡಿಕೆಗೆ ಬಳಸಬಹುದು. ಮುಂದೆ ಬರಬಹುದಾದ ಸರ್ಕಾರಿ ಕ್ರಮಗಳಿಂದ ರಕ್ಷಣೆ ಪಡೆಯಲು ಕಂಪನಿಯನ್ನು ಪುನರ್‌ರಚಿಸುವುದು ನ್ಯಾಯಸಮ್ಮತವೆಂದೇ ಮಂಡಳಿ ಹೇಳಿತು.

ತೊಡಕಿರುವುದು ಎಷ್ಟು ಸಂಭವವಿದ್ದರೆ ಸಾಕು ಎಂಬಲ್ಲಿ. ಎಲ್ ಸಾಲ್ವಡೋರ್ ವಿರುದ್ಧದ ಗಣಿ ಪ್ರಕರಣದಲ್ಲಿ ಮಂಡಳಿ ನಿರ್ದಿಷ್ಟ ವಿವಾದವೊಂದರ ಹೆಚ್ಚಿನ ಸಂಭವ ಬೇಕೆಂದಿತು. ಫಿಲಿಪ್ ಮಾರಿಸ್ ಮಂಡಳಿಯ ಅಳತೆ ಅದಕ್ಕಿಂತ ಸಡಿಲ. ಒಂದು ಮಂಡಳಿಯ ತೀರ್ಪು ಇನ್ನೊಂದನ್ನು ಕಟ್ಟಿಹಾಕುವುದಿಲ್ಲವಾದ್ದರಿಂದ ಈ ವ್ಯತ್ಯಾಸ ಹಾಗೇ ಉಳಿದಿದೆ. ದುರುಪಯೋಗವನ್ನು ಸಾಬೀತುಪಡಿಸುವ ಹೊರೆ ಸರ್ಕಾರದ್ದು, ಆದರೆ ಉದ್ದೇಶ ಹೇಳುವ ಕಾಗದಪತ್ರಗಳಿರುವುದು ಕಂಪನಿಯ ಕಪಾಟಿನಲ್ಲಿ.

ಇದಕ್ಕಾಗಿ ಕೆಲವು ದೇಶಗಳು ಒಪ್ಪಂದದ ಪಠ್ಯದಲ್ಲೇ ಬಾಗಿಲು ಬಿಗಿ ಮಾಡಿವೆ. ಭಾರತದ 2015ರ ಮಾದರಿ ಒಪ್ಪಂದ ಬರೀ ನೋಂದಣಿಗೆ ತೃಪ್ತಿಪಡದೆ, ಕಂಪನಿ ತನ್ನ ದೇಶದಲ್ಲಿ ಗಣನೀಯ ವ್ಯವಹಾರ ನಡೆಸುತ್ತಿರಬೇಕು ಎನ್ನುತ್ತದೆ. ವಿವಾದ ಪರಿಹಾರ ವ್ಯವಸ್ಥೆಯನ್ನು ಬಳಸಿಕೊಳ್ಳುವುದೇ ಮುಖ್ಯ ಗುರಿಯಾಗಿ ಸ್ಥಾಪಿಸಿದ ಅಥವಾ ಪುನರ್‌ರಚಿಸಿದ ಕಂಪನಿಗೆ ಒಪ್ಪಂದದ ಪ್ರಯೋಜನ ನಿರಾಕರಿಸುವ ಅಧಿಕಾರವನ್ನೂ ಅದು ಸರ್ಕಾರಕ್ಕೆ ಕೊಡುತ್ತದೆ.