ಕೆಂಪು ಗೆರೆಯಲ್ಲಿ ಸೀಳಿದೆಯೇ? ಯೂಟ್ಯೂಬ್ ಚಾಪ್ಟರ್‌ಗಳ ಒಳಗುಟ್ಟು

ಅಡಿಕೆಗೆ ಕೊಳೆರೋಗ ಬಂದಿದೆ, ಬೋರ್ಡೊ ದ್ರಾವಣಕ್ಕೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಎಂಬುದಷ್ಟೇ ನಿಮಗೆ ತಿಳಿಯಬೇಕು. ಯೂಟ್ಯೂಬಿನಲ್ಲಿ ಹುಡುಕಿದರೆ ತಜ್ಞರೊಬ್ಬರ ಉಪನ್ಯಾಸ ಸಿಗುತ್ತದೆ, ಆದರೆ ಅದು ಒಂದೂವರೆ ಗಂಟೆಯದು. ಸ್ವಾಗತ, ಹಾರಾರ್ಪಣೆ, ಪ್ರಾಸ್ತಾವಿಕ ನುಡಿ ಎಲ್ಲ ಮುಗಿದು ದ್ರಾವಣದ ಮಾತು ಯಾವ ನಿಮಿಷಕ್ಕೆ ಬರುತ್ತದೆ? ಬೆರಳಿನಿಂದ ಗೆರೆಯನ್ನು ಹಿಂದೆ ಮುಂದೆ ಎಳೆದಾಡುವ ಮೊದಲು ಒಂದು ವಿಷಯ ನೋಡಿಕೊಂಡರೆ ಶ್ರಮ ಉಳಿಯುತ್ತದೆ: ಈ ವಿಡಿಯೊಗೆ ಚಾಪ್ಟರ್‌ಗಳಿವೆಯೇ?

ಉದ್ದದ ವಿಡಿಯೊವನ್ನು ಹೆಸರುಳ್ಳ ಭಾಗಗಳಾಗಿ ತೋರಿಸುವ ಈ ವ್ಯವಸ್ಥೆಯನ್ನು ಯೂಟ್ಯೂಬ್ 2020ರ ಮೇ ತಿಂಗಳಲ್ಲಿ ಎಲ್ಲರಿಗೂ ಕೊಟ್ಟಿತು. ಆಗ ಚಾಪ್ಟರ್ ಬರೆಯುವ ಕೆಲಸ ಪೂರ್ತಿಯಾಗಿ ವಿಡಿಯೊ ಹಾಕಿದವರದೇ ಆಗಿತ್ತು. ಅದೇ ವರ್ಷದ ಕೊನೆಯಲ್ಲಿ, ಅವರು ಬರೆಯದಿದ್ದರೆ ಯಂತ್ರವೇ ಭಾಗ ಮಾಡಿ ಹೆಸರಿಡುವ ಪ್ರಯೋಗ ಶುರುವಾಯಿತು. ಹಾಗಾಗಿ ಇಂದು ನಮಗೆ ಕಾಣುವ ಚಾಪ್ಟರ್ ಎರಡು ದಾರಿಗಳಲ್ಲಿ ಬಂದಿರಬಹುದು: ಮನುಷ್ಯ ಬರೆದದ್ದು ಅಥವಾ ಯಂತ್ರ ಊಹಿಸಿದ್ದು. ಎರಡೂ ಇಲ್ಲದ ವಿಡಿಯೊಗಳೂ ಬೇಕಾದಷ್ಟಿವೆ.

ನೋಡಿ ತಿಳಿಯುವ ಬಗೆ

ಮೊದಲು ವಿಡಿಯೊದ ಕೆಳಗಿನ ಗೆರೆ ನೋಡಿ. ಚಾಪ್ಟರ್ ಇದ್ದರೆ ಅದು ಒಂದೇ ಉದ್ದದ ಗೆರೆಯಾಗಿರದೆ, ನಡುನಡುವೆ ಸಣ್ಣ ಸೀಳು ಬಿಟ್ಟ ತುಂಡುಗಳಾಗಿರುತ್ತದೆ. ಕಂಪ್ಯೂಟರಿನಲ್ಲಿ ಮೌಸನ್ನು ಅದರ ಮೇಲೆ ಸರಿಸಿದರೆ ಪ್ರತಿ ತುಂಡಿನ ಹೆಸರು ಮೇಲೆ ಮೂಡುತ್ತದೆ. ಎಡಮೂಲೆಯಲ್ಲಿ ಸಮಯ ತೋರಿಸುವ ಅಂಕಿಗಳ ಪಕ್ಕದಲ್ಲೇ ಈಗ ಓಡುತ್ತಿರುವ ಭಾಗದ ಹೆಸರೂ ಇರುತ್ತದೆ. ಅದನ್ನು ಒತ್ತಿದರೆ ಪೂರ್ತಿ ಪಟ್ಟಿ ತೆರೆದುಕೊಳ್ಳುತ್ತದೆ. ಫೋನಿನಲ್ಲಿ ವಿಡಿಯೊದ ಶೀರ್ಷಿಕೆ ಒತ್ತಿ ವಿವರಣೆಯನ್ನು ತೆರೆದರೆ, ಚಿಕ್ಕ ಚಿತ್ರಗಳ ಜೊತೆಗೆ ಚಾಪ್ಟರ್‌ಗಳ ಸಾಲು ಕಾಣುತ್ತದೆ. ಅವು ಯಂತ್ರ ಮಾಡಿದವಾಗಿದ್ದರೆ, ತಾನಾಗಿ ಸಿದ್ಧವಾದವು ಎಂಬ ಸೂಚನೆಯೂ ಅಲ್ಲೇ ಇರುತ್ತದೆ.

ಗೆರೆಯ ಮೇಲಿನ ಎಲ್ಲ ಗುರುತೂ ಚಾಪ್ಟರ್ ಅಲ್ಲ. ಹಳದಿ ಚುಕ್ಕೆಗಳು ಜಾಹೀರಾತು ಬರುವ ಜಾಗಗಳು. ಗೆರೆಯ ಮೇಲೆ ಗುಡ್ಡದಂತೆ ಏರಿಳಿಯುವ ಬೂದು ಆಕೃತಿ ಕಂಡರೆ, ಅದು ಜನ ಯಾವ ಭಾಗವನ್ನು ಹೆಚ್ಚು ಬಾರಿ ನೋಡಿದ್ದಾರೆ ಎಂಬುದನ್ನು ತೋರಿಸುತ್ತದೆ. ಚಾಪ್ಟರ್ ಇಲ್ಲದ ವಿಡಿಯೊದಲ್ಲೂ ಇವೆರಡು ಇರಬಹುದು.

ಇನ್ನೂ ಒಂದು ಪರೀಕ್ಷೆಯಿದೆ. ಕಂಪ್ಯೂಟರಿನಲ್ಲಿ Ctrl ಕೀಲಿ ಹಿಡಿದು ಬಲ ಬಾಣದ ಕೀಲಿ ಒತ್ತಿ. ಫೋನಿನಲ್ಲಾದರೆ ಎರಡು ಬೆರಳು ಸೇರಿಸಿ ಪರದೆಯ ಬಲಭಾಗವನ್ನು ಎರಡು ಸಲ ತಟ್ಟಿ. ಚಾಪ್ಟರ್ ಇದ್ದರೆ ವಿಡಿಯೊ ನೇರವಾಗಿ ಮುಂದಿನ ಭಾಗಕ್ಕೆ ಹಾರುತ್ತದೆ.

ಸಮಯ ಬರೆದಿದ್ದರೂ ಗೆರೆ ಸೀಳದಿದ್ದಾಗ

ವಿವರಣೆಯಲ್ಲಿ ಸಮಯಗಳ ಪಟ್ಟಿಯಿದೆ, ಅಂಕಿಗಳು ನೀಲಿ ಬಣ್ಣದಲ್ಲಿವೆ, ಒತ್ತಿದರೆ ಆ ಜಾಗಕ್ಕೆ ಹೋಗುತ್ತದೆ. ಆದರೂ ಗೆರೆ ಮಾತ್ರ ಅಖಂಡವಾಗಿದೆ. ಇದು ತುಂಬ ಸಾಮಾನ್ಯ, ಮತ್ತು ಇದಕ್ಕೂ ಯಂತ್ರದ ಊಹೆಗೂ ಸಂಬಂಧವಿಲ್ಲ. ವಿಡಿಯೊ ಹಾಕಿದವರು ಚಾಪ್ಟರ್ ಬರೆಯಲು ಹೊರಟು, ಯೂಟ್ಯೂಬಿನ ನಿಯಮದಲ್ಲಿ ಎಲ್ಲೋ ಎಡವಿದ್ದಾರೆ ಎಂದು ಇದರ ಅರ್ಥ. ನಮ್ಮ ಕೊಳೆರೋಗದ ಉಪನ್ಯಾಸದ ಕೆಳಗೆ ಹೀಗೆ ಬರೆದಿದೆ ಎಂದುಕೊಳ್ಳಿ:

```
0:45 ಸ್ವಾಗತ
6.30 ಕೊಳೆರೋಗ ಹರಡುವ ಬಗೆ
21:10 ಬೋರ್ಡೊ ದ್ರಾವಣ ತಯಾರಿ
48:00 ಸಿಂಪಡಣೆ ಯಾವಾಗ
1:12 ಪ್ರಶ್ನೋತ್ತರ
```

ಓದುವ ಮನುಷ್ಯನಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಯೂಟ್ಯೂಬಿಗೆ ಮಾತ್ರ ಮೂರು ತಪ್ಪು ಕಾಣುತ್ತದೆ. ಮೊದಲನೆಯದು, ಪಟ್ಟಿ ಸೊನ್ನೆಯಿಂದ ಶುರುವಾಗಿಲ್ಲ. ಮೊದಲ ಭಾಗ ಕಡ್ಡಾಯವಾಗಿ 0:00ಯಿಂದಲೇ ಆರಂಭವಾಗಬೇಕು. ಮೊದಲ ಮುಕ್ಕಾಲು ನಿಮಿಷ ಬರೀ ಕುರ್ಚಿ ಎಳೆಯುವ ಸದ್ದಿದ್ದರೂ ಅದು ಯಾವುದೋ ಒಂದು ಚಾಪ್ಟರಿಗೆ ಸೇರಲೇಬೇಕು. ಎರಡನೆಯದು, 6.30. ಗಡಿಯಾರದ ಹೊತ್ತು ಬರೆಯುವಾಗ ನಾವು ಚುಕ್ಕಿ ಇಟ್ಟೇ ರೂಢಿ, ಆಮಂತ್ರಣ ಪತ್ರಿಕೆಗಳಲ್ಲೂ ಹಾಗೇ ಇರುತ್ತದೆ. ಯೂಟ್ಯೂಬಿಗೆ ಬೇಕಾದದ್ದು ಒಂದರ ಮೇಲೊಂದಿರುವ ಎರಡು ಚುಕ್ಕಿ. ಚುಕ್ಕಿ ಒಂದೇ ಆದರೆ ಅದು ಬರೀ ಅಂಕಿಯಾಗಿ ಉಳಿಯುತ್ತದೆ, ನೀಲಿ ಆಗುವುದೂ ಇಲ್ಲ.

ಮೂರನೆಯ ತಪ್ಪು ಕಣ್ಣಿಗೆ ಬೀಳುವುದು ಕಷ್ಟ. ಬರೆದವರ ಮನಸ್ಸಿನಲ್ಲಿದ್ದದ್ದು ಒಂದು ಗಂಟೆ ಹನ್ನೆರಡು ನಿಮಿಷ. ಯೂಟ್ಯೂಬ್ ಓದಿಕೊಂಡದ್ದು ಒಂದು ನಿಮಿಷ ಹನ್ನೆರಡು ಸೆಕೆಂಡ್. ಸಮಯಗಳು ಏರುತ್ತ ಹೋಗಬೇಕೆಂಬುದು ನಿಯಮ. ಇಲ್ಲಿ 48 ನಿಮಿಷದವರೆಗೆ ಹೋದ ಪಟ್ಟಿ ದಿಢೀರನೆ ಒಂದು ನಿಮಿಷಕ್ಕೆ ಇಳಿಯಿತು. ಗಂಟೆ ದಾಟಿದ ಮೇಲೆ ಗಂಟೆ, ನಿಮಿಷ, ಸೆಕೆಂಡ್ ಮೂರನ್ನೂ ಬರೆಯಬೇಕು. ತಿದ್ದಿದ ಪಟ್ಟಿ ಹೀಗಿರುತ್ತದೆ:

```
0:00 ಸ್ವಾಗತ
6:30 ಕೊಳೆರೋಗ ಹರಡುವ ಬಗೆ
21:10 ಬೋರ್ಡೊ ದ್ರಾವಣ ತಯಾರಿ
48:00 ಸಿಂಪಡಣೆ ಯಾವಾಗ
1:12:00 ಪ್ರಶ್ನೋತ್ತರ
```

ಇನ್ನೆರಡು ನಿಯಮಗಳನ್ನು ಈ ಪಟ್ಟಿ ಹೇಗೂ ಪಾಲಿಸಿದೆ. ಕನಿಷ್ಠ ಮೂರು ಭಾಗಗಳಿರಬೇಕು, ಪ್ರತಿ ಭಾಗವೂ ಕನಿಷ್ಠ 10 ಸೆಕೆಂಡ್ ಇರಬೇಕು. ಪಟ್ಟಿ ಇರಬೇಕಾದ ಜಾಗ ವಿಡಿಯೊದ ವಿವರಣೆ. ಅದನ್ನೇ ಕಾಮೆಂಟಿನಲ್ಲಿ ಬರೆದು, ಆ ಕಾಮೆಂಟನ್ನು ಮೇಲೆ ಪಿನ್ ಮಾಡಿಟ್ಟರೂ ಒತ್ತಿ ಹಾರಲು ಬರುತ್ತದೆಯೇ ಹೊರತು ಗೆರೆ ಸೀಳುವುದಿಲ್ಲ.

ಯಂತ್ರ ಏಕೆ ಸುಮ್ಮನಾಗುತ್ತದೆ

ವಿವರಣೆಯಲ್ಲಿ ಸಮಯವೇ ಇಲ್ಲ, ಗೆರೆಯೂ ಅಖಂಡ ಎಂದಾದರೆ, ಯಂತ್ರ ಏಕೆ ಕೆಲಸ ಮಾಡಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಕೆಲವು ಕಾರಣಗಳನ್ನು ವಿಡಿಯೊದ ಮಾಲೀಕರು ಅಲ್ಲೇ ಪರೀಕ್ಷಿಸಬಹುದು. ಕಂಪ್ಯೂಟರಿನಲ್ಲಿ YouTube Studio ತೆರೆದು, Content ಪಟ್ಟಿಯಲ್ಲಿ ಆ ವಿಡಿಯೊ ಆರಿಸಿ, ವಿವರಗಳ ಪುಟದ ಕೆಳಗಿರುವ Show more ಒತ್ತಬೇಕು. ಅಲ್ಲಿ Allow automatic chapters and key moments ಎಂಬ ಸಾಲಿನ ಪಕ್ಕದ ಚೌಕದಲ್ಲಿ ಗುರುತು ಇರಬೇಕು. ಸಾಮಾನ್ಯವಾಗಿ ಅದು ಇದ್ದೇ ಇರುತ್ತದೆ. ಯಾರಾದರೂ ಚಾನೆಲಿನ ಒಟ್ಟು ಸೆಟ್ಟಿಂಗಿನಲ್ಲೇ ಅದನ್ನು ತೆಗೆದಿದ್ದರೆ, ಆಮೇಲೆ ಹಾಕಿದ ಯಾವ ವಿಡಿಯೊಗೂ ತಾನಾಗಿ ಚಾಪ್ಟರ್ ಬರುವುದಿಲ್ಲ. ಮಾಲೀಕರು ತಾವೇ ಸರಿಯಾದ ಪಟ್ಟಿ ಬರೆದಿದ್ದರೂ ಯಂತ್ರದ್ದು ಕಾಣುವುದಿಲ್ಲ, ಏಕೆಂದರೆ ಮನುಷ್ಯ ಬರೆದದ್ದಕ್ಕೇ ಮೊದಲ ಮನ್ನಣೆ.

ಎರಡನೆಯ ಬಗೆಯ ಕಾರಣ ಶಿಸ್ತಿಗೆ ಸಂಬಂಧಿಸಿದ್ದು. ನಿಯಮ ಮುರಿದದ್ದಕ್ಕೆ ಚಾನೆಲಿನ ಮೇಲೆ ಸ್ಟ್ರೈಕ್ ಜಾರಿಯಲ್ಲಿದ್ದರೆ, ಅಥವಾ ವಿಡಿಯೊದ ವಿಷಯ ಕೆಲವು ವೀಕ್ಷಕರಿಗೆ ತಕ್ಕುದಲ್ಲ ಎಂದು ಯೂಟ್ಯೂಬಿಗೆ ಅನ್ನಿಸಿದರೆ ಚಾಪ್ಟರ್ ಸಿಗದೇ ಹೋಗಬಹುದು.

ಇವೆಲ್ಲ ಸರಿಯಿದ್ದೂ ಬರದಿದ್ದರೆ? ಅರ್ಹವಾದ ಎಲ್ಲ ವಿಡಿಯೊಗಳಿಗೂ ಚಾಪ್ಟರ್ ಬರುತ್ತದೆ ಎಂದು ಯೂಟ್ಯೂಬ್ ಎಲ್ಲೂ ಮಾತು ಕೊಟ್ಟಿಲ್ಲ; ಬರದೆಯೂ ಇರಬಹುದು ಎಂದು ತನ್ನ ಸಹಾಯದ ಪುಟದಲ್ಲಿ ಬರೆದಿದೆ. ಯಂತ್ರ ಏನನ್ನು ನೋಡಿ ಭಾಗ ಮಾಡುತ್ತದೆ ಎಂಬುದು ಗೊತ್ತಾದರೆ ಇದರ ಕಾರಣ ಹೊಳೆಯುತ್ತದೆ. 2020ರ ಪ್ರಯೋಗದಲ್ಲಿ ಅದು ಮುಖ್ಯವಾಗಿ ಓದುತ್ತಿದ್ದದ್ದು ವಿಡಿಯೊದೊಳಗೆ ಮೂಡುವ ಅಕ್ಷರಗಳನ್ನು. 2022ರ ಮೇ ತಿಂಗಳಲ್ಲಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ, ಇನ್ನು ಮುಂದೆ ಅಕ್ಷರ, ಧ್ವನಿ, ದೃಶ್ಯ ಮೂರನ್ನೂ ಒಟ್ಟಿಗೆ ಬಳಸಿ ಚಾಪ್ಟರ್ ಮಾಡುವುದಾಗಿ ಹೇಳಿದರು. ಆಗ 80 ಲಕ್ಷ ವಿಡಿಯೊಗಳಿಗೆ ಇದ್ದ ಸ್ವಯಂಚಾಲಿತ ಚಾಪ್ಟರನ್ನು ಒಂದು ವರ್ಷದಲ್ಲಿ 8 ಕೋಟಿಗೆ ಒಯ್ಯುವ ಗುರಿಯನ್ನೂ ಪ್ರಕಟಿಸಿದರು. ಗುರಿ ದೊಡ್ಡದೇ, ಆದರೂ ಅದು ಎಲ್ಲ ವಿಡಿಯೊಗಳನ್ನು ಮುಟ್ಟುವ ಮಾತಾಗಿರಲಿಲ್ಲ.

ಈಗ ನಮ್ಮ ಉಪನ್ಯಾಸವನ್ನು ಯಂತ್ರದ ಕಣ್ಣಿನಿಂದ ನೋಡಿ. ಕ್ಯಾಮೆರಾ ಸಭಾಂಗಣದ ಹಿಂದೆ ಸ್ಟ್ಯಾಂಡಿನ ಮೇಲೆ ನಿಂತಿದೆ. ಒಂದೂವರೆ ಗಂಟೆಯೂ ಅದೇ ವೇದಿಕೆ, ಅದೇ ಮೇಜು, ಅದೇ ಬ್ಯಾನರು. ಪರದೆಯ ಮೇಲೆ ಉಪಶೀರ್ಷಿಕೆ ಬರುವುದಿಲ್ಲ. ಧ್ವನಿ ಮೈಕಿನಿಂದ ಸ್ಪೀಕರಿಗೆ, ಅಲ್ಲಿಂದ ಗೋಡೆಗೆ ಬಡಿದು ಕ್ಯಾಮೆರಾಕ್ಕೆ ಬಂದಿದೆ, ನಡುವೆ ಫ್ಯಾನಿನ ಸದ್ದು. ಸಭಿಕರ ಪ್ರಶ್ನೆಗಳಲ್ಲಿ ಕನ್ನಡ, ತುಳು, ಹವ್ಯಕ ಎಲ್ಲ ಬೆರೆತಿವೆ. ಭಾಷಣಕಾರರು ರೋಗದಿಂದ ಔಷಧಕ್ಕೆ, ಔಷಧದಿಂದ ಮಾರುಕಟ್ಟೆ ದರಕ್ಕೆ, ಅಲ್ಲಿಂದ ಮತ್ತೆ ರೋಗಕ್ಕೆ ಹರಿದಾಡುತ್ತಾರೆ. ಭಾಗ ಎಲ್ಲಿ ಮುಗಿಯಿತು ಎಂದು ಹೇಳಲು ಯಂತ್ರಕ್ಕೆ ಇಲ್ಲಿ ಆಧಾರವೇ ಸಿಗುವುದಿಲ್ಲ. ಅದೇ ವಿಷಯದ ಮೇಲೆ, ‘ಹಂತ 1: ಮೈಲುತುತ್ತ ಕರಗಿಸುವುದು’ ಎಂಬಂತೆ ಪರದೆಯಲ್ಲಿ ಬರಹ ತೋರಿಸಿ, ಪ್ರತಿ ಹಂತಕ್ಕೂ ದೃಶ್ಯ ಬದಲಿಸಿ ಮಾಡಿದ ಹತ್ತು ನಿಮಿಷದ ವಿಡಿಯೊದಲ್ಲಿ ಅದಕ್ಕೆ ಹಿಡಿಯಲು ಕೊಂಬೆಗಳು ಬೇಕಾದಷ್ಟು.

ಯಂತ್ರಕ್ಕೆ ಮಾತು ಎಷ್ಟರಮಟ್ಟಿಗೆ ಕೇಳಿಸಿದೆ ಎಂಬುದರ ಸುಳಿವು ವೀಕ್ಷಕರಿಗೂ ಸಿಗುತ್ತದೆ. ವಿವರಣೆಯ ಕೆಳಗೆ Show transcript ಎಂಬ ಬಟನ್ ಇದೆಯೇ ನೋಡಿ. ಅದನ್ನು ಒತ್ತಿದಾಗ ಬರುವ ಪಠ್ಯವನ್ನು ಯಂತ್ರವೇ ಕೇಳಿ ಬರೆದಿದ್ದು, ಅದು ಅರ್ಥವಿಲ್ಲದ ಪದಗಳ ಸಂತೆಯಾಗಿದ್ದರೆ, ಅದರ ಆಧಾರದಲ್ಲಿ ಒಳ್ಳೆಯ ಚಾಪ್ಟರ್ ನಿರೀಕ್ಷಿಸುವಂತಿಲ್ಲ. ಪಠ್ಯ ಸರಿಯಾಗಿದ್ದರೆ ಚಾಪ್ಟರ್ ಇಲ್ಲದಿದ್ದರೂ ನಿಮ್ಮ ಕೆಲಸ ನಡೆಯುತ್ತದೆ: ಕಂಪ್ಯೂಟರಿನಲ್ಲಿ ಆ ಪಠ್ಯ ತೆರೆದಿಟ್ಟು Ctrl ಮತ್ತು F ಒತ್ತಿ ‘ಸುಣ್ಣ’ ಎಂದು ಹುಡುಕಿ, ಸಿಕ್ಕ ಸಾಲನ್ನು ಒತ್ತಿದರೆ ವಿಡಿಯೊ ಅಲ್ಲಿಗೇ ಹೋಗುತ್ತದೆ.

ಯಂತ್ರದ ಚಾಪ್ಟರ್ ಬಂದರೂ ಅದನ್ನು ಪೂರ್ತಿ ನಂಬುವಂತಿಲ್ಲ. ಭಾಗ ಮಾತಿನ ನಡುವೆಯೇ ಕಡಿದಿರಬಹುದು, ಹೆಸರು ವಿಷಯಕ್ಕೆ ಹೊಂದದೆ ಇರಬಹುದು. ಮಾಲೀಕರಿಗೆ ಅದು ಒಪ್ಪಿಗೆಯಾಗದಿದ್ದರೆ ಆ ಚೌಕದ ಗುರುತು ತೆಗೆಯಬಹುದು, ಇಲ್ಲವೇ ತಮ್ಮದೇ ಪಟ್ಟಿಯನ್ನು ವಿವರಣೆಯಲ್ಲಿ ಬರೆಯಬಹುದು.

ವೀಕ್ಷಕರು ಬೇರೆಯವರ ವಿಡಿಯೊಗೆ ಚಾಪ್ಟರ್ ಹಾಕಲಾರರು. ಆದರೆ ಇಡೀ ಉಪನ್ಯಾಸ ಹೇಗೂ ಕೇಳಿದವರು, 0:00ಯಿಂದ ಶುರುಮಾಡಿ ಮೇಲಿನ ಮಾದರಿಯಲ್ಲೇ ಒಂದು ಪಟ್ಟಿಯನ್ನು ಕಾಮೆಂಟಿನಲ್ಲಿ ಬರೆಯಬಹುದು. ಮುಂದೆ ಬಂದವರಿಗೆ ಅದನ್ನು ಒತ್ತಿ ಬೇಕಾದ ಜಾಗಕ್ಕೆ ಹೋಗಲು ಬರುತ್ತದೆ. ಮಾಲೀಕರು ಅದನ್ನು ಹಾಗೇ ನಕಲು ಮಾಡಿ ವಿವರಣೆಗೆ ಅಂಟಿಸಿ ಉಳಿಸಿದರೆ ಸಾಕು, ಕೊಳೆರೋಗದ ಮಳೆಗಾಲದಲ್ಲಿ ಅವಸರದಲ್ಲಿ ಹುಡುಕಿಕೊಂಡು ಬರುವ ತೋಟದವರಿಗೆ ದ್ರಾವಣದ ಭಾಗ 21ನೆಯ ನಿಮಿಷದಲ್ಲಿ ಹೆಸರು ಹೊತ್ತು ಸಿಗುತ್ತದೆ.