ಟೈಟಾನಿಕ್: ದರ್ಜೆಗೂ ಜೀವಕ್ಕೂ ಇದ್ದ ನಂಟು

1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಒಂದು ಪ್ರಸಿದ್ಧ ಪಟ್ಟಿಯಂತೆ 1316 ಪ್ರಯಾಣಿಕರಲ್ಲಿ ಬದುಕಿದವರು 499. ಮೊದಲ ದರ್ಜೆಯ 325 ಮಂದಿಯಲ್ಲಿ 203, ಎರಡನೆಯದರ 285ರಲ್ಲಿ 118, ಮೂರನೆಯದರ 706ರಲ್ಲಿ ಕೇವಲ 178.

ದರ್ಜೆಗೂ ಬದುಕಿಗೂ ಸಂಬಂಧವೇ ಇಲ್ಲದಿದ್ದರೆ? ಆಗ ಮೊದಲ ದರ್ಜೆಯಲ್ಲಿ 325 × 499 ÷ 1316, ಅಂದರೆ ಸುಮಾರು 123 ಮಂದಿ ಉಳಿಯಬೇಕಿತ್ತು. ನಿಜ ಸಂಖ್ಯೆಗೂ ನಿರೀಕ್ಷೆಗೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ ನಿರೀಕ್ಷೆಯಿಂದ ಭಾಗಿಸಿದರೆ ಈ ಒಂದು ಮನೆಯಿಂದಲೇ ಸುಮಾರು 52 ಬರುತ್ತದೆ. ಆರೂ ಮನೆಗಳ ಮೊತ್ತವಾದ ಕೈ-ವರ್ಗ ಸುಮಾರು 133.

ಇದು ದೊಡ್ಡದೇ? ಅಡ್ಡ-ಉದ್ದ ಮೊತ್ತಗಳು ಗೊತ್ತಿದ್ದರೆ ಎರಡು ದರ್ಜೆಗಳಲ್ಲಿ ಬದುಕಿದವರನ್ನು ತುಂಬಿದರೆ ಸಾಕು, ಉಳಿದ ನಾಲ್ಕು ಮನೆಗಳು ತಾವಾಗಿ ತುಂಬುತ್ತವೆ. ಹಾಗಾಗಿ ಸ್ವಾತಂತ್ರ್ಯದ ಅಂಶ 2. ಸಂಬಂಧವಿಲ್ಲದಿದ್ದಾಗ ಮೊತ್ತ 5.99 ದಾಟುವ ಸಾಧ್ಯತೆ ಶೇ. 5 ಮಾತ್ರ, 133 ಆಕಸ್ಮಿಕವಾಗಿರಲಾರದು.

ಈ ಎಣಿಕೆಯಲ್ಲಿ ಕಾರ್ಲ್ ಪಿಯರ್ಸನ್‌ರೇ ಎಡವಿದ್ದರು; 1922ರಲ್ಲಿ ಫಿಶರ್ ಸರಿಪಡಿಸಿದರು. ಆದರೆ ನಂಟಿಗೆ ಕಾರಣವೇನೆಂದು ಕೈ-ವರ್ಗ ಹೇಳದು: ಮೂರನೇ ದರ್ಜೆಯಲ್ಲಿ ಗಂಡಸರ ಪಾಲು ಹೆಚ್ಚಿತ್ತು, ದೋಣಿಗಳಲ್ಲಿ ಹೆಂಗಸರಿಗೆ, ಮಕ್ಕಳಿಗೆ ಆದ್ಯತೆಯಿತ್ತು.